ಚಿನ್ನದ ಇಟಿಎಫ್: ಯೂನಿಟ್‌ಗಳ ಸೃಷ್ಟಿ ಮತ್ತು ವಿಮೋಚನೆ

ಷೇರುಪೇಟೆಯಲ್ಲಿ ವಹಿವಾಟಾಗುವ ಚಿನ್ನದ ನಿಧಿಯ ಯೂನಿಟ್‌ಗಳನ್ನು ಲೋಹಕ್ಕೆ ಪ್ರತಿಯಾಗಿ ಹೊರಡಿಸುವ ಮತ್ತು ಹಿಂದಕ್ಕೆ ಪಡೆದು ರದ್ದುಮಾಡುವ ವ್ಯವಸ್ಥೆ. ನಿಧಿಯೊಡನೆ ಹೀಗೆ ನೇರವಾಗಿ ವ್ಯವಹರಿಸುವ ದೊಡ್ಡ ದಲ್ಲಾಳಿ ಸಂಸ್ಥೆಗಳಿಗೆ ಅಧಿಕೃತ ಭಾಗಿಗಳು ಎಂದು ಹೆಸರು.

2004ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಎಸ್‌ಪಿಡಿಆರ್ ಗೋಲ್ಡ್ ಷೇರ್ಸ್ ನಿಧಿಯಲ್ಲಿ ಈ ವ್ಯವಹಾರ 1,00,000 ಯೂನಿಟ್‌ಗಳ ‘ಬುಟ್ಟಿ’ಗಳಲ್ಲಿ ನಡೆಯುತ್ತದೆ. ಭಾಗಿಯು ಪಾಲಕ ಬ್ಯಾಂಕಿನ ಖಾತೆಯ ಮೂಲಕ ಚಿನ್ನ ಒಪ್ಪಿಸಿದಾಗ ನಿಧಿ ಹೊಸ ಬುಟ್ಟಿ ನೀಡುತ್ತದೆ.

ಒಂದು ಯೂನಿಟ್‌ನ ಹಿಂದೆ 0.092 ಔನ್ಸ್ ಚಿನ್ನವಿದ್ದು, ಔನ್ಸ್‌ಗೆ 2,000 ಡಾಲರ್ ದರವಿದೆ ಎಂದುಕೊಳ್ಳೋಣ. ಆಗ ಯೂನಿಟ್‌ನ ಮೌಲ್ಯ 184 ಡಾಲರ್. ಪೇಟೆಯಲ್ಲಿ ಅದರ ಬೆಲೆ 184.50ಕ್ಕೆ ಏರಿದರೆ, ಭಾಗಿಯು 1,00,000 ಯೂನಿಟ್ ಮಾರಿ, 9,200 ಔನ್ಸ್ ಚಿನ್ನ ಕೊಂಡು ನಿಧಿಗೆ ಒಪ್ಪಿಸಿ, ಸಿಕ್ಕ ಬುಟ್ಟಿಯಿಂದ ಮಾರಾಟ ತೀರಿಸುತ್ತಾನೆ. ಖರ್ಚು ಕಳೆಯುವ ಮುನ್ನ ಅವನಿಗೆ ಉಳಿಯುವುದು 50,000 ಡಾಲರ್. ಈ ಮಾರಾಟವೇ ಯೂನಿಟ್‌ನ ಬೆಲೆಯನ್ನು ಇಳಿಸುತ್ತದೆ. ಬೆಲೆ ಮೌಲ್ಯಕ್ಕಿಂತ ಕೆಳಗಿಳಿದರೆ ಅವನು ಅಗ್ಗದ ಯೂನಿಟ್‌ಗಳನ್ನು ಕೊಂಡು ನಿಧಿಗೆ ಮರಳಿಸಿ, ಚಿನ್ನ ಪಡೆದು ಮಾರುತ್ತಾನೆ; ಬೆಲೆ ಮೇಲೇರುತ್ತದೆ.

ಬೆಲೆ ಮತ್ತು ಮೌಲ್ಯದ ನಡುವಿನ ಅಂತರವು ಶುಲ್ಕ ಮತ್ತು ಲೋಹ ಕೊಳ್ಳುವ ಖರ್ಚಿಗಿಂತ ಕಡಿಮೆಯಿದ್ದರೆ ಯಾರೂ ಕೈಹಾಕುವುದಿಲ್ಲ. ಚಿನ್ನ ಸಿಗುವುದು ಕಷ್ಟವಾದಾಗ ಅಂತರ ಹಿಗ್ಗುತ್ತದೆ. ಆದರೆ ಕಾಣುವ ಅಂತರವೆಲ್ಲ ನಿಜವಲ್ಲ: ನಿಧಿಯ ಮೌಲ್ಯವನ್ನು ಲಂಡನ್ನಿನ ಮಧ್ಯಾಹ್ನದ ದರದಿಂದ ಲೆಕ್ಕಹಾಕುತ್ತಾರೆ, ನ್ಯೂಯಾರ್ಕ್ ಪೇಟೆ ಮುಚ್ಚುವುದು ಅದಾದ ಎಷ್ಟೋ ಗಂಟೆಗಳ ನಂತರ. ಆದ್ದರಿಂದ ಯೂನಿಟ್‌ನ ಬೆಲೆಯನ್ನು ಅದೇ ಕ್ಷಣದ ಚಿನ್ನದ ದರದೊಡನೆ ಹೋಲಿಸಬೇಕು.