ಕಾಳು ಬಿಟ್ಟು ನೀರು ಕುಡಿದರೆ

ರಾತ್ರಿ ಒಂದು ಲೋಟ ನೀರಿಗೆ ಒಂದು ಚಮಚ ಮೆಂತ್ಯ ಹಾಕಿಟ್ಟು, ಬೆಳಿಗ್ಗೆ ಸೋಸಿ ಬರಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನನ್ನ ಬಳಿ ಆಹಾರ ಸಲಹೆಗೆ ಬರುವವರಲ್ಲಿ ಅನೇಕರು ಆಗಲೇ ಇದನ್ನು ಶುರು ಮಾಡಿರುತ್ತಾರೆ. ಸೋಸಿ ಉಳಿದ ಕಾಳನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ‘ಗಿಡದ ಬುಡಕ್ಕೆ ಹಾಕ್ತೀವಿ’ ಎನ್ನುತ್ತಾರೆ. ಮೆಂತ್ಯದ ಪರವಾಗಿ ನಮ್ಮ ಕೈಯಲ್ಲಿರುವ ಪುರಾವೆಯ ಬಹುಪಾಲು ಗಿಡದ ಬುಡ ಸೇರಿದ ಆ ಕಾಳಿಗೆ ಸೇರಿದ್ದು. ಅದಕ್ಕಾಗಿಯೇ ಈ ಸಮೀಕ್ಷೆ.

ಹಳೆಯ ಕಾಲದ ಬಳಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನೆಮದ್ದಾಗಿ ಮೆಂತ್ಯ ನಮ್ಮಲ್ಲೂ ಪಶ್ಚಿಮ ಏಷ್ಯಾದಲ್ಲೂ ಬಹುಕಾಲದಿಂದ ಇದೆ. ಪ್ರಯೋಗಾಲಯದ ಕೆಲಸಕ್ಕೆ 1980ರ ದಶಕದಲ್ಲಿ ವೇಗ ಸಿಕ್ಕಿತು. ಫ್ರಾನ್ಸಿನ ಸಂಶೋಧಕರು ನಾಯಿಗಳಿಗೆ ಮೆಂತ್ಯದ ಬೇರೆಬೇರೆ ಭಾಗಗಳನ್ನು ತಿನ್ನಿಸಿ, ರಕ್ತದ ಸಕ್ಕರೆ ಇಳಿಸುವ ಗುಣ ಎಣ್ಣೆಯಲ್ಲಿಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿನಲ್ಲಿದೆ ಎಂದು ತೋರಿಸಿದರು.

ಈ ವಿಷಯವನ್ನು ರೋಗಿಯ ಊಟದ ತಟ್ಟೆಗೆ ತಂದದ್ದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. ಅಲ್ಲಿ ಆರ್.ಡಿ. ಶರ್ಮ, ಟಿ.ಸಿ. ರಘುರಾಮ್ ಮತ್ತು ಅವರ ಸಂಗಡಿಗರು ಮಾಡಿದ ಪ್ರಯೋಗಗಳನ್ನು ಓದಿಯೇ ನನ್ನ ತಲೆಮಾರಿನ ಪಥ್ಯಾಹಾರ ತಜ್ಞರು ಮೆಂತ್ಯವನ್ನು ಗಂಭೀರವಾಗಿ ತೆಗೆದುಕೊಂಡದ್ದು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇನ್ಸುಲಿನ್ ಮೇಲಿದ್ದ ಟೈಪ್ 1 ರೋಗಿಗಳಿಗೆ ದಿನಕ್ಕೆ 100 ಗ್ರಾಂ ಎಣ್ಣೆ ತೆಗೆದ ಮೆಂತ್ಯದ ಪುಡಿಯನ್ನು ಮಧ್ಯಾಹ್ನ ಮತ್ತು ರಾತ್ರಿಯ ಊಟದೊಳಗೇ ಬೆರೆಸಿ, ಹತ್ತು ದಿನ ಕೊಟ್ಟರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇ. 54ರಷ್ಟು ತಗ್ಗಿತು. 100 ಗ್ರಾಂ ಮೆಂತ್ಯವನ್ನು ಯಾರೂ ದಿನಾ ತಿನ್ನಲಾರರು. ಅವರಿಗೂ ಅದು ಗೊತ್ತಿತ್ತು, ಮುಂದಿನ ಪ್ರಯೋಗಗಳಲ್ಲಿ 25 ಗ್ರಾಂಗೆ ಇಳಿಸಿದರು. 1996ರಲ್ಲಿ ಬಂದ ವರದಿಯಲ್ಲಿ 60 ಟೈಪ್ 2 ರೋಗಿಗಳು 24 ವಾರ ದಿನಕ್ಕೆ 25 ಗ್ರಾಂ ತೆಗೆದುಕೊಂಡರು, ಸಕ್ಕರೆ ಇಳಿಯಿತು. ಇವು ಸಣ್ಣ ಪ್ರಯೋಗಗಳು. ಮೆಂತ್ಯದ ರುಚಿ, ವಾಸನೆ ಮುಚ್ಚಿಡಲಾಗದ್ದರಿಂದ ಯಾರು ಏನು ತಿನ್ನುತ್ತಿದ್ದಾರೆ ಎಂಬುದೂ ಗುಟ್ಟಾಗಿ ಉಳಿಯುವಂಥದ್ದಲ್ಲ. ಆದರೂ ಕಾಳನ್ನು ಔಷಧದ ಸಾರವಾಗಿ ನೋಡದೆ ಊಟದ ಭಾಗವಾಗಿ ನೋಡಿದ ಆ ದೃಷ್ಟಿಯೇ ಸರಿಯಾದದ್ದೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಕಾರಣ ಕಾಳಿನ ರಚನೆಯಲ್ಲೇ ಇದೆ. ಮೆಂತ್ಯದ ಸುಮಾರು ಅರ್ಧದಷ್ಟು ನಾರು. ಅದರಲ್ಲಿ ಗ್ಯಾಲಕ್ಟೋಮನ್ನಾನ್ ಎಂಬ ಕರಗುವ ನಾರು ನೀರು ಹೀರಿ ಲೋಳೆಯಾಗುತ್ತದೆ. ನೆನೆದ ಕಾಳನ್ನು ಬೆರಳಲ್ಲಿ ಹಿಸುಕಿದರೆ ಸಿಪ್ಪೆಯ ಒಳಗಿನಿಂದ ಜಾರುವುದು ಅದೇ. ಹೊಟ್ಟೆಯಲ್ಲಿ ಈ ಲೋಳೆ ಅನ್ನದ ಜೊತೆ ಬೆರೆತು, ಪಿಷ್ಟ ಜೀರ್ಣವಾಗಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಕಾಳು ಹಾಗೆಯೇ ಇಟ್ಟ ನೀರಿಗೆ ಈ ಲೋಳೆ ಬರುವುದು ಅಲ್ಪ. ಬರುವುದು ಬಣ್ಣ, ಕಹಿ, ಒಂದಿಷ್ಟು ಕರಗುವ ವಸ್ತುಗಳು. ಆ ವಸ್ತುಗಳಲ್ಲಿ 4-ಹೈಡ್ರಾಕ್ಸಿಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಇನ್ಸುಲಿನ್ ಸ್ರವಿಸುವುದನ್ನು ಹೆಚ್ಚಿಸುತ್ತದೆಂದು ಪ್ರಯೋಗಾಲಯದಲ್ಲಿ ಕಂಡದ್ದು ನಿಜ. ಒಂದು ಚಮಚ ಕಾಳಿನ ಸೋಸಿದ ನೀರು ರೋಗಿಯಲ್ಲಿ ಅಷ್ಟು ಕೆಲಸ ಮಾಡುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ಒಂದು ಟೀ ಚಮಚ ಎಂದರೆ ಸುಮಾರು ನಾಲ್ಕು ಗ್ರಾಂ ಎಂಬುದನ್ನೂ ನೆನಪಿಡಬೇಕು.

ನೆನೆಸುವ ರೂಢಿಗೆ ಹತ್ತಿರದ ಪ್ರಯೋಗ 2009ರಲ್ಲಿ ಇರಾನಿನಿಂದ ಬಂತು. ಎಂಟು ವಾರ ದಿನಕ್ಕೆ 10 ಗ್ರಾಂ ಮೆಂತ್ಯವನ್ನು ಕೆಲವರಿಗೆ ಬಿಸಿನೀರಲ್ಲಿ ನೆನೆಸಿ, ಕೆಲವರಿಗೆ ಮೊಸರಲ್ಲಿ ಬೆರೆಸಿ ಕೊಟ್ಟರು. ನೆನೆಸಿ ತೆಗೆದುಕೊಂಡವರಲ್ಲಿ ಬರಿ ಹೊಟ್ಟೆಯ ಸಕ್ಕರೆ ಶೇ. 25ರಷ್ಟು ಇಳಿಯಿತು, ಮೊಸರಿನವರಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಕೊನೆತನಕ ಉಳಿದವರು ಎರಡೂ ಗುಂಪು ಸೇರಿ 18 ಜನ. ನೀರಿನ ಪರ ವಾದಿಸುವವರು ಇದನ್ನು ಎತ್ತಿ ಹಿಡಿಯುತ್ತಾರೆ, ಆದರೆ ಅಲ್ಲಿ ಹೊಟ್ಟೆಗೆ ಹೋದದ್ದು ಕಾಳೂ ಸೇರಿ.

2014ರಲ್ಲಿ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಸರಾಸರಿಯಲ್ಲಿ ಬರಿ ಹೊಟ್ಟೆಯ ಸಕ್ಕರೆ ಸುಮಾರು 17 ಮಿಲಿಗ್ರಾಂ, ಊಟವಾಗಿ ಎರಡು ಗಂಟೆಯ ನಂತರದ್ದು ಸುಮಾರು 39 ಮಿಲಿಗ್ರಾಂ, ಎಚ್‌ಬಿಎ1ಸಿ 0.85ರಷ್ಟು ಇಳಿದಿತ್ತು. ಊಟದ ನಂತರದ ಇಳಿತವೇ ದೊಡ್ಡದು. ನಾರಿನ ಕೆಲಸಕ್ಕೆ ಇದು ಹೊಂದುತ್ತದೆ. ಆದರೆ ಪ್ರಯೋಗಗಳ ಗುಣಮಟ್ಟ ಕಡಿಮೆ, ಒಂದರ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ ಎಂದು ಅದನ್ನು ಬರೆದವರೇ ಹೇಳಿದರು. ಪರಿಣಾಮ ಸ್ಪಷ್ಟವಾಗಿ ಕಂಡದ್ದು ದಿನಕ್ಕೆ ಐದು ಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ ಮಧುಮೇಹಿಗಳಲ್ಲಿ. ಮರುವರ್ಷ ಪ್ರಕಟವಾದ ಮೂರು ವರ್ಷಗಳ ಭಾರತೀಯ ಅಧ್ಯಯನ, ಮಧುಮೇಹದ ಹೊಸ್ತಿಲಲ್ಲಿದ್ದ 140 ಜನರಲ್ಲಿ, ಊಟಕ್ಕೆ ಮುಂಚೆ ಐದೈದು ಗ್ರಾಂನಂತೆ ದಿನಕ್ಕೆರಡು ಸಲ ಮೆಂತ್ಯದ ಪುಡಿ ತೆಗೆದುಕೊಂಡವರಿಗೆ ಕಾಯಿಲೆ ಬರುವುದು ಕಡಿಮೆ ಎಂದಿತು. ಆಶಾದಾಯಕ, ಆದರೆ ಮತ್ತೊಬ್ಬರು ಮಾಡಿ ನೋಡುವತನಕ ಇದೊಂದನ್ನೇ ನೆಚ್ಚಿಕೊಳ್ಳಲಾಗದು.

ಇನ್ನು ಮಾತ್ರೆಗಳ ಜೊತೆಗಿನ ವಿಚಾರ. ಅರವತ್ತು ದಾಟಿದ ಒಬ್ಬ ಗೃಹಿಣಿ ನನ್ನ ಬಳಿ ಬಂದಿದ್ದರು. ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ತಿಂಡಿ ಮತ್ತು ರಾತ್ರಿಯೂಟದ ಜೊತೆ ಮೆಟ್‌ಫಾರ್ಮಿನ್. ಪಕ್ಕದ ಮನೆಯವರ ಮಾತು ಕೇಳಿ ಎರಡು ದೊಡ್ಡ ಚಮಚ ನೆನೆಸಿದ ಮೆಂತ್ಯವನ್ನು ಅಗಿದು, ನೀರನ್ನೂ ಕುಡಿಯಲು ಶುರು ಮಾಡಿದರು. ಅಷ್ಟು ಲೋಳೆ ಹೊಟ್ಟೆ ತುಂಬಿಸಿದ್ದರಿಂದ ಮೂರು ಇಡ್ಲಿಯ ಜಾಗದಲ್ಲಿ ಒಂದು ಸಾಕಾಯಿತು, ಅದೂ ತಡವಾಗಿ. ಮಾತ್ರೆ ಮಾತ್ರ ಎಂದಿನ ಹೊತ್ತಿಗೇ. ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಬೆವರು, ಕೈನಡುಕ, ಮಾತು ತಡವರಿಕೆ. ಮಗಳು ಗ್ಲುಕೋಮೀಟರಿನಲ್ಲಿ ನೋಡಿದಾಗ 58. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಕಾಲು ಗಂಟೆಯ ನಂತರ ಮತ್ತೆ ನೋಡಿದಾಗ 84. ಇದಕ್ಕೆ ಮೆಂತ್ಯವೊಂದೇ ಕಾರಣ ಎನ್ನಲಾರೆ, ತಿಂಡಿ ಕುಗ್ಗಿದ್ದೂ ಕಾರಣ. ಆದರೆ ತಿಂಡಿ ಕುಗ್ಗಿಸಿದ್ದು ಮೆಂತ್ಯವೇ. ಅವರ ವೈದ್ಯರು ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು. ಮೆಂತ್ಯವನ್ನು ನಾನು ಒಂದು ಚಮಚಕ್ಕೆ ಇಳಿಸಿ ಮಧ್ಯಾಹ್ನದ ಊಟಕ್ಕೆ ಸೇರಿಸಿದೆ.

ಇಲ್ಲಿ ಔಷಧದ ಜಾತಿ ನೋಡಬೇಕು. ಮೆಟ್‌ಫಾರ್ಮಿನ್ ಒಂದೇ ಇದ್ದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಅಲ್ಲಿನ ತೊಂದರೆ ಹೊಟ್ಟೆಯದು: ಮಾತ್ರೆ, ಮೆಂತ್ಯ ಎರಡೂ ಗ್ಯಾಸು, ಭೇದಿ ತರುವಂಥವು, ರೋಗಿ ಮಾತ್ರೆಯನ್ನು ದೂರಿ ನಿಲ್ಲಿಸಿಬಿಡುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮತ್ತು ಇನ್ಸುಲಿನ್ ಇದ್ದಾಗ 70ಕ್ಕಿಂತ ಕೆಳಗೆ ಇಳಿಯುವ ಭಯ ಉಂಟು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತದ ಮುನ್ಸೂಚನೆ ಮಸುಕಾಗಬಹುದು, ಬೆವರು ಮಾತ್ರ ಕಾಣಿಸೀತು. ಥೈರಾಯ್ಡ್ ಮಾತ್ರೆಯನ್ನೂ ಬರಿ ಹೊಟ್ಟೆಯಲ್ಲಿ ಮೆಂತ್ಯದ ಜೊತೆಗೇ ನುಂಗುವವರಿದ್ದಾರೆ; ನಾರು ಆ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸಬಲ್ಲದು, ಆದ್ದರಿಂದ ಎರಡರ ನಡುವೆ ಅಂತರವಿರಬೇಕು. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ, ಇನ್ನೊಂದು ಮೂಲಿಕೆಯೊಂದಿಗೆ ಮೆಂತ್ಯ ಸೇರಿದಾಗ ರಕ್ತ ಹೆಪ್ಪುಗಟ್ಟುವುದು ನಿಧಾನವಾದ ಪ್ರಕರಣ 2001ರಲ್ಲಿ ವರದಿಯಾಗಿದೆ. ಕಡಲೆಕಾಯಿ, ಕಡಲೆ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು. ಗರ್ಭಿಣಿಯರು ಅಡುಗೆಯ ಪ್ರಮಾಣ ಮೀರಬಾರದು.

ನಲವತ್ತು ವರ್ಷಗಳ ಈ ಕೆಲಸದಲ್ಲಿ ಹೆಚ್ಚಿನ ಪ್ರಯೋಗಗಳು ಪುಡಿಯ ಅಥವಾ ಸಾರದ ಮೇಲೆ ನಡೆದವು. ಇತ್ತೀಚೆಗೆ ಸಾರವನ್ನು ಕ್ಯಾಪ್ಸೂಲ್ ಮಾಡಿ ಪರೀಕ್ಷಿಸುವುದೇ ಹೆಚ್ಚು. ಮಾರಾಟಕ್ಕೆ ಅದು ಅನುಕೂಲ. ಮನೆಯಲ್ಲಿ ಕುಡಿಯುವ ನೀರಿನ ಪ್ರಶ್ನೆಗೆ ಉತ್ತರ ಕೊಡಲು ದೊಡ್ಡ ಖರ್ಚು ಬೇಡ. ಗ್ಲಿಮೆಪಿರೈಡ್ ಮೇಲಿರುವ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ 10 ಗ್ರಾಂ ಕಾಳು ನೆನೆಸಿದ ನೀರನ್ನು ಕಾಳಿನ ಸಮೇತ, ಇನ್ನೊಂದಕ್ಕೆ ಅದೇ ನೀರನ್ನು ಸೋಸಿ, ಮೂರನೆಯದಕ್ಕೆ ಮೆಂತ್ಯವಿಲ್ಲದ ಕಹಿ ನೀರನ್ನು ಮೂರು ತಿಂಗಳು ಕೊಡಬೇಕು. ತೋಳಿಗೆ ಅಂಟಿಸುವ ಸೆನ್ಸರಿನಿಂದ ಊಟದ ನಂತರದ ಏರಿಕೆಯನ್ನೂ 70ಕ್ಕಿಂತ ಕೆಳಗೆ ಹೋದ ಹೊತ್ತನ್ನೂ ಬರೆದಿಡಬೇಕು. ಪ್ರತಿ ವಾರ ಎಷ್ಟು ತಿಂಡಿ ತಿಂದಿರಿ ಎಂದು ಕೇಳುವುದನ್ನೂ ಮರೆಯಬಾರದು.