ತ್ರಿಪದೋಕ್ತಿಯ ವರ್ಗ ಮತ್ತು ಬಾಯಿಲೆಕ್ಕ

ಮುದಗಲ್, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಹೊಲದ ಮಾತು ಎಕರೆ, ಗುಂಟೆಯಲ್ಲೇ ನಡೆಯುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಟೇಪು ಹಿಡಿದು ಅಳೆದಾಗ ಸಿಗುವುದು ಅಡಿ, ಬೇಕಾಗುವುದು ಗುಂಟೆ. ಇವೆರಡರ ನಡುವೆ ಒಂದು ಗುಣಾಕಾರ ಇದೆ. ಕಾಗದ ಹುಡುಕದೆ ಅದನ್ನು ಮುಗಿಸುವ ದಾರಿಯನ್ನೇ ಒಂಬತ್ತನೆಯ ತರಗತಿಯ ಬೀಜಗಣಿತ ನಿತ್ಯಸಮೀಕರಣ ಎಂಬ ಹೆಸರಲ್ಲಿ ಕಲಿಸುತ್ತದೆ:

(a + b + c)² = a² + b² + c² + 2ab + 2bc + 2ca

ಒಂದು ಹೊಲ, ಒಂಬತ್ತು ತುಂಡು

ನಾಲ್ಕೂ ಕಡೆ 132 ಅಡಿ ಇರುವ ಚೌಕದ ಹೊಲವೊಂದಿದೆ ಎನ್ನಿ. 132 ಅನ್ನು 100, 30, 2 ಎಂದು ಒಡೆಯಿರಿ. ಉದ್ದದ ಬದುವಿನ ಮೇಲೆ 100 ಅಡಿಗೆ ಒಂದು ಗೂಟ, ಅಲ್ಲಿಂದ 30 ಅಡಿಗೆ ಇನ್ನೊಂದು ಗೂಟ. ಅಗಲದ ಬದುವಿಗೂ ಹಾಗೆಯೇ. ಗೂಟದಿಂದ ಎದುರು ಬದುವಿಗೆ ಹಗ್ಗ ಕಟ್ಟಿದರೆ ಹೊಲ ಒಂಬತ್ತು ತುಂಡಾಗುತ್ತದೆ. ಮೂಲೆಯಿಂದ ಮೂಲೆಗೆ ಮೂರು ಚೌಕ: 10,000, 900 ಮತ್ತು 4 ಚದರ ಅಡಿ. ಉಳಿದ ಆರೂ ಆಯತಗಳು, ಅವು ಜೋಡಿಜೋಡಿಯಾಗಿ ಬರುತ್ತವೆ: 100×30 ಎರಡು, 30×2 ಎರಡು, 100×2 ಎರಡು. ಸೂತ್ರದಲ್ಲಿರುವ ಮೂರು ‘ಎರಡು’ಗಳು ಬಂದದ್ದು ಈ ಜೋಡಿಗಳಿಂದಲೇ.

ಚೌಕಗಳ ಮೊತ್ತ 10,904. ಆಯತಗಳದ್ದು 6,000 + 120 + 400, ಅಂದರೆ 6,520. ಒಟ್ಟು 17,424 ಚದರ ಅಡಿ. ಇದು ಸರಿಯೇ ಎಂದು ನೋಡಲು ಇನ್ನೊಂದು ದಾರಿಯೂ ಇದೆ. 132 ಎಂದರೆ 33ರ ನಾಲ್ಕು ಪಟ್ಟು, ಆದ್ದರಿಂದ ಹೊಲ 4×4 = 16 ಗುಂಟೆ. 16 × 1,089 ಕೂಡ 17,424.

ಮಕ್ಕಳು ಎಡವುವುದು ಬಹುಪಾಲು ಒಂದೇ ಕಡೆ: ಮೂರು ಚೌಕ ಕೂಡಿಸಿ ಅಲ್ಲಿಗೇ ನಿಲ್ಲಿಸುವುದು. ಹಾಗೆ ಮಾಡಿದರೆ 10,904 ಬರುತ್ತದೆ, ಹೊಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಾಯವಾಗುತ್ತದೆ. 130ರ ವರ್ಗವೇ 16,900 ಎಂಬುದು ನೆನಪಿದ್ದರೆ ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಲೆಕ್ಕಕ್ಕೆ ಮೊದಲು ಹೊಲದ್ದೇ ಒಂದು ಪರೀಕ್ಷೆ ಆಗಬೇಕು. ನಾಲ್ಕು ಬದಿ ಸಮ ಇದ್ದ ಮಾತ್ರಕ್ಕೆ ಅದು ಚೌಕವಲ್ಲ, ಮೂಲೆ ಓರೆಯಾಗಿರಬಹುದು. ಎದುರುಬದುರು ಮೂಲೆಗೆ ಟೇಪು ಎಳೆಯಿರಿ. 132 ಅಡಿಯ ಚೌಕಕ್ಕೆ ಎರಡೂ ಕರ್ಣ ಸುಮಾರು 186 ಅಡಿ 8 ಇಂಚು ಬರಬೇಕು. ಒಂದು ಉದ್ದ, ಒಂದು ಗಿಡ್ಡ ಬಂದರೆ ಹೊಲ ಓರೆ ಇದೆ, 16 ಗುಂಟೆ ತುಂಬುವುದಿಲ್ಲ.

ಮಹಾವೀರಾಚಾರ್ಯನ ದಾರಿ

ಈ ಲೆಕ್ಕ ನಮ್ಮ ಸೀಮೆಗೆ ಶಾಲೆಯ ಪುಸ್ತಕದಿಂದ ಬಂದ ಹೊಸದೇನಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ವರ್ಗ ಮಾಡಲು ಮಹಾವೀರ ಒಂದಲ್ಲ, ಹಲವು ದಾರಿ ಕೊಡುತ್ತಾನೆ. ಎರಡು ಅಥವಾ ಹೆಚ್ಚು ತುಂಡುಗಳ ವರ್ಗಗಳನ್ನು ಕೂಡಿಸಿ, ಅವುಗಳ ಜೋಡಿ ಗುಣಲಬ್ಧಗಳನ್ನು ಇಮ್ಮಡಿಸಿ ಸೇರಿಸುವುದು ಅವುಗಳಲ್ಲೊಂದು. ನಮ್ಮ ತ್ರಿಪದೋಕ್ತಿ ಇದೇ. ಇನ್ನೊಂದು ದಾರಿ ಅಂಕಿ ಅಂಕಿಯಾಗಿ ನಡೆಯುತ್ತದೆ, ಬಾಯಿಲೆಕ್ಕಕ್ಕೆ ಹೇಳಿ ಮಾಡಿಸಿದ್ದು. 132ರಲ್ಲಿ ಎಡಗಡೆಯ 1 ಹಿಡಿದು ವರ್ಗ ಮಾಡಿ: 1. ಅದನ್ನೇ ಇಮ್ಮಡಿಸಿ ಉಳಿದ 3, 2ನ್ನು ಗುಣಿಸಿ: 6, 4. ಇವು ಒಂದೊಂದು ಮನೆ ಬಲಕ್ಕೆ ಬರುತ್ತವೆ. ಈಗ 1ನ್ನು ಬಿಟ್ಟು 3ಕ್ಕೆ ಬನ್ನಿ: ವರ್ಗ 9, ಇಮ್ಮಡಿ 6, ಅದರಿಂದ 2ನ್ನು ಗುಣಿಸಿದರೆ 12. ಕೊನೆಗೆ 2ರ ವರ್ಗ 4. ಮನೆವಾರು ಜೋಡಿಸಿದರೆ ಎಡದಿಂದ 1, 6, 4+9, 12, 4. ಬಲದಿಂದ ದಶಕ ಸಾಗಿಸುತ್ತ ಬಂದರೆ 4, 12ರಲ್ಲಿ 2, ದಶಕ 1, 13ಕ್ಕೆ ಅದು ಸೇರಿ 14, ಅದರಲ್ಲಿ 4, ಮತ್ತೆ ದಶಕ 1, 6 ಮತ್ತು 1 ಸೇರಿ 7, ಕೊನೆಗೆ 1. ಓದಿಕೊಳ್ಳಿ: 17,424.

ನಡುವಿನ ಮನೆಯಲ್ಲಿ ಮಾತ್ರ ಎರಡು ಸಂಗತಿ ಕೂಡುತ್ತವೆ, 2ca ಮತ್ತು b². ಕೈ ತಪ್ಪುವುದೂ ಅಲ್ಲಿಯೇ.

ಕಳೆದು ಒಡೆಯುವುದು

287ರಂಥ ಸಂಖ್ಯೆಯನ್ನು 200, 80, 7 ಎಂದು ಒಡೆದರೆ ದೊಡ್ಡ ಅಂಕಿಗಳು ಕಾಡುತ್ತವೆ. 300 − 10 − 3 ಎಂದರೆ ಹಗುರ. ಚೌಕಗಳು 90,000, 100, 9. ಜೋಡಿಗಳು −6,000, −1,800 ಮತ್ತು +60. ಕೊನೆಯದು ಕೂಡಿಸುವ ಪದ, ಏಕೆಂದರೆ ಅಲ್ಲಿ ಎರಡು ಋಣ ಗುಣಿಸಿವೆ. ಉತ್ತರ 82,369.

ಆ 60ನ್ನು ಕಳೆದುಬಿಟ್ಟರೆ 82,249 ಬರುತ್ತದೆ. ಒಂಬತ್ತರ ಪರೀಕ್ಷೆ ಇದನ್ನು ಹಿಡಿಯುತ್ತದೆ: 287ರ ಅಂಕಿ ಕೂಡಿಸಿದರೆ 17, ಮತ್ತೆ 8, 8ರ ವರ್ಗ 64, ಅದು 10, ಕೊನೆಗೆ 1. ಉತ್ತರವೂ 1ಕ್ಕೇ ಇಳಿಯಬೇಕು. 82,369 ಇಳಿಯುತ್ತದೆ, 82,249 ಏಳಕ್ಕೆ ನಿಲ್ಲುತ್ತದೆ. ಆದರೆ 60ರ ಬದಲು 600 ಸೇರಿಸಿದರೆ ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ. ವ್ಯತ್ಯಾಸ 540, ಅದು ಒಂಬತ್ತರ ಗುಣಕ. ಮನೆ ತಪ್ಪಿಸಿ ಬರೆದ ಅಂಕಿಯನ್ನು ಒಂಬತ್ತು ಎಂದೂ ಹಿಡಿಯುವುದಿಲ್ಲ, ಅದಕ್ಕೆ ಅಂದಾಜೇ ಗತಿ.

ನನ್ನ ಅಭಿಪ್ರಾಯ ಕೇಳಿದರೆ, 13ರ ವರ್ಗ 169 ಎಂದು ಬಾಯಿಗೆ ಬರುವವರು 287ಕ್ಕೆ ಮೂರು ತುಂಡು ಮಾಡಬೇಕಿಲ್ಲ. (300 − 13)² ಎಂದರೆ 90,000 − 7,800 + 169, ಅಷ್ಟೇ. ಮೂರು ತುಂಡು ಬೇಕಾಗುವುದು ಎರಡರಲ್ಲಿ ಕೆಲಸ ಸಾಗದಾಗ.

ಉದ್ದ ಅಗಲ ಬೇರೆಯಾದಾಗ

ಹೊಲ 137 ಅಡಿ ಉದ್ದ, 127 ಅಡಿ ಅಗಲ ಇದ್ದರೆ? ಎರಡೂ 132ರಿಂದ ಐದೈದು ಅಡಿ ದೂರ. (a + b)(a − b) = a² − b² ಆದ್ದರಿಂದ 17,424ರಲ್ಲಿ 25 ಕಳೆದರೆ ಸಾಕು: 17,399. ಸುತ್ತಳತೆ ಅದೇ, ಜಾಗ 25 ಚದರ ಅಡಿ ಕಡಿಮೆ.

ಇದೇ ಸೂತ್ರವನ್ನು ಮಹಾವೀರ ತಿರುಗಿಸಿ ವರ್ಗಕ್ಕೆ ಬಳಸುತ್ತಾನೆ: a² = (a + b)(a − b) + b². 97ರ ವರ್ಗಕ್ಕೆ 3 ಕೂಡಿಸಿ 100, 3 ಕಳೆದು 94. ಗುಣಿಸಿದರೆ 9,400, 9 ಸೇರಿಸಿದರೆ 9,409.

ಎಕರೆಗೂ ಒಂದು ಲೆಕ್ಕ ಹೇಳಿಬಿಡುತ್ತೇನೆ. 209 ಅಡಿಯ ಚೌಕ ಎಷ್ಟು? 40,000 + 3,600 + 81 = 43,681. ಒಂದು ಎಕರೆಗಿಂತ 121 ಚದರ ಅಡಿ ಮಾತ್ರ ಹೆಚ್ಚು. ‘ಎಕರೆ ಎಂದರೆ 209 ಅಡಿ ಚೌಕ’ ಎಂದು ಇಟ್ಟುಕೊಂಡರೆ ಅಂದಾಜಿಗೆ ಧಾರಾಳ ಸಾಕು, ಕ್ರಯಪತ್ರಕ್ಕೆ ಸಾಲದು.

ಹಾರದ ಸಂಖ್ಯೆಗಳು

ಮಹಾವೀರನಿಗೆ ಎಡಬಲ ಒಂದೇ ಆಗಿ ಓದಿಸುವ ಗುಣಲಬ್ಧಗಳ ಮೇಲೆ ಪ್ರೀತಿ, ಅವನ್ನು ಕೊರಳಹಾರ ಎನ್ನುತ್ತಾನೆ. ಅವನ ಒಂದು ಲೆಕ್ಕ 27994681 × 441. ಉತ್ತರ 12345654321. ಬಿಡಿಸಿ ನೋಡಿದರೆ 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, 5291 × 21 = 111111. ಹಾರವೇ 111111ರ ವರ್ಗ.

ಯಾಕೆ ಹೀಗೆ ಎಂಬುದು ಚಿಕ್ಕ ಸಂಖ್ಯೆಯಲ್ಲಿ ಸ್ಪಷ್ಟ. 111ರಲ್ಲಿ ಮೂರೂ ಅಂಕಿ ಒಂದೇ. ಮೇಲಿನ ಮನೆಗಳಲ್ಲಿ ತುಂಬಿದರೆ 1, 2, 2+1, 2, 1, ಅಂದರೆ 12321. ದಶಕ ಸಾಗಿಸುವ ಪ್ರಮೇಯವೇ ಬರುವುದಿಲ್ಲ. ಒಂದುಗಳು ಹೆಚ್ಚಿದಂತೆ ನಡುವಿನ ಮನೆ ಒಂದೊಂದೇ ಏರುತ್ತದೆ. ಒಂಬತ್ತು ಒಂದುಗಳ ತನಕ ಹಾರ ಕೆಡುವುದಿಲ್ಲ: 12345678987654321. ಹತ್ತನೆಯದು ಸೇರಿದರೆ ನಡುಮನೆಯಲ್ಲಿ 10 ಬಂದು ದಶಕ ಎಡಕ್ಕೆ ಸಾಗುತ್ತದೆ. ಆಗ ಉತ್ತರ 1234567900987654321, ಎಡಬಲ ಇನ್ನು ಒಂದಲ್ಲ.