ಅರ್ಧ ಅಂಕದ ಗಡಿ

ಆಚೆಮನೆ ಕೂಸಿಗೆ ಎಸ್.ಎಸ್.ಎಲ್.ಸಿ.ಲಿ 562 ಅಂಕ ಬಂತು, ಅಂಕಪಟ್ಟಿಲಿ ‘ಎ’. ಅದರ ಗೆಳತಿಗೆ 563, ಅದಕ್ಕೆ ‘ಎ+’. “ಒಂದು ಅಂಕಕ್ಕೆ ಅಕ್ಷರವೇ ಬೇರೆ ಆಗದು ಎಂತಕ್ಕೆ ಅತ್ತೆ?” ಹೇಳಿ ಕಣ್ಣಲ್ಲಿ ನೀರು ಹಾಕ್ಕಂಡು ಕೇಳ್ತು.

ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ತೋರಿಸಿದೆ. ಮೊದಲ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ‘ಎ+’ಗೆ ಶೇಕಡಾ 90 ಬೇಕು. 625ರಲ್ಲಿ ಶೇಕಡಾ 90 ಅಂದ್ರೆ 562.5. ಒಟ್ಟು ಅಂಕದಲ್ಲಿ ಅರ್ಧ ಬರೂದಿಲ್ಲೆ, ಹಾಂಗಾಗಿ ಗಡಿ 563ಕ್ಕೆ ಬಂದು ನಿಂತಿದ್ದು. ಕೂಸು ತಪ್ಪಿದ್ದು ಅರ್ಧ ಅಂಕಕ್ಕೆ. ಅದೇ 563 ತಗಂಡವಳಿಗೂ 625ಕ್ಕೆ 625 ತಗಂಡವಳಿಗೂ ಅಕ್ಷರ ಒಂದೇ!

ಈ ಅಕ್ಷರದ ಪದ್ಧತಿ ಹಳೇದು. ಅಮೆರಿಕದ ಮೌಂಟ್ ಹೋಲಿಯೋಕ್ ಹೇಳಿ ಹೆಣ್ಮಕ್ಕಳ ಕಾಲೇಜು, 1897ರಲ್ಲಿ ಅಂಕಗಳನ್ನ ಅಕ್ಷರದ ಗುಂಪು ಮಾಡ್ತು. 95ರಿಂದ 100 ‘ಎ’, 85ರಿಂದ 94 ‘ಬಿ’, 76ರಿಂದ 84 ‘ಸಿ’. ಬರೀ 75 ಬಂದ್ರೆ ‘ಡಿ’, ಅದಕ್ಕಿಂತ ಕಡಿಮೆ ಆದ್ರೆ ನಪಾಸು. ಅಂದ್ರೆ 75 ಒಂದೇ ಅಂಕಕ್ಕೆ ಒಂದು ಇಡೀ ಅಕ್ಷರ! ಮರುವರ್ಷವೇ ಗುಂಪುಗಳನ್ನ ಬದಲಿಸಿದ. ಗುಂಪು ದೊಡ್ಡದಾದ್ರೆ ಒಳಗಿನ ವ್ಯತ್ಯಾಸ ಮುಚ್ಚಿ ಹೋಗ್ತು ಹೇಳಿ ಮುಂದೆ ಅಲ್ಲಿ ಪ್ಲಸ್, ಮೈನಸ್ ಸೇರಿಸಿದ. ಗುಂಪು ಸಣ್ಣದಾತು ಸರಿ, ಆದ್ರೆ ಗಡಿಗಳೂ ಹೆಚ್ಚಾದವು.

ನಮ್ಮ ದೇಶದ ಕಾಲೇಜಿಗೆ ಯು.ಜಿ.ಸಿ. 2014ರಲ್ಲಿ ಹತ್ತು ಪಾಯಿಂಟಿನ ಪದ್ಧತಿ ಹೇಳ್ತು: ‘ಒ’ಗೆ 10, ‘ಎ+’ಗೆ 9, ‘ಎ’ಗೆ 8, ‘ಬಿ+’ಗೆ 7, ‘ಬಿ’ಗೆ 6, ಹೀಂಗೆ ಕೆಳಗೆ. ಪ್ಲಸ್ ಮಾತ್ರ, ಮೈನಸ್ ಇಲ್ಲೆ. ಇಲ್ಲಿ ಅಕ್ಷರ ಬರೀ ಅಲಂಕಾರ ಅಲ್ಲ, ಅದು ಮತ್ತೆ ಲೆಕ್ಕಕ್ಕೆ ಹೋಗ್ತು.

ಒಂದು ಉದಾಹರಣೆ ನೋಡಿ. 80ಕ್ಕೆ ‘ಎ+’ ಹೇಳಿ ಗಡಿ ಇಟ್ಟ ಕಡೆ, 4 ಕ್ರೆಡಿಟಿನ ವಿಷಯದಲ್ಲಿ ಒಬ್ಬಳಿಗೆ 80, ಇನ್ನೊಬ್ಬಳಿಗೆ 79.5. ಅರ್ಧವನ್ನ ಮೇಲಕ್ಕೆ ಏರಿಸದೇ ಇದ್ರೆ, ಮೊದಲಿನವಳಿಗೆ 9×4=36, ಎರಡನೆಯವಳಿಗೆ 8×4=32. ಸೆಮಿಸ್ಟರಿನ ಒಟ್ಟು ಕ್ರೆಡಿಟ್ 20 ಆದ್ರೆ, ಈ 4 ಪಾಯಿಂಟಿಂದ ಸರಾಸರಿ 0.2 ಇಳೀತು. ಅರ್ಧ ಅಂಕದ ಬೆಲೆ ಅಷ್ಟು. ಅದೇ ಎರಡನೆಯವಳು ಬೇರೆ ವಿಷಯದಲ್ಲಿ 79 ಇದ್ದದ್ದು 71ಕ್ಕೆ ಇಳಿದ್ರೂ, 70ರಿಂದ ‘ಎ’ ಆದ್ರೆ, ಎಂತದೂ ಕಳಕೊಳ್ಳೂದಿಲ್ಲೆ.

ಅದಕ್ಕೇ ಗಡಿಗೆ ಅರ್ಧ-ಒಂದು ಅಂಕ ಕಡಿಮೆ ಬಂದ್ರೆ ಸುಮ್ಮನೆ ಕೂರೂದು ಬೇಡ. ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿ, ಕೂಡಿದ್ದು ಸರಿ ಇದ್ದನ, ಅಂಕ ಕೊಡದೇ ಬಿಟ್ಟ ಉತ್ತರ ಇದ್ದನ ನೋಡಿ, ಆಮೇಲೆ ಮರುಮೌಲ್ಯಮಾಪನದ ದುಡ್ಡು ಕಟ್ಟಿ. ಅರ್ಜಿಗೆ ಕಡೇ ದಿನ ಬೇಗ ಬಂದು ಬಿಡ್ತು.

ಆಚೆಮನೆ ಕೂಸು ಪ್ರತಿ ತರಿಸ್ತು. ಕೂಡಿದ್ದೆಲ್ಲ ಸರಿಯೇ ಇತ್ತು, ‘ಎ’ ‘ಎ’ಯಾಗೇ ಉಳೀತು. ಆದ್ರೆ ಲೆಕ್ಕ ನೋಡಿದ ಮೇಲೆ ಅಳೂದು ನಿಂತು, “562.5 ಹೇಳಿ ಒಂದು ಅಂಕವೇ ಇಲ್ಲೆ ಅಲ್ದ ಅತ್ತೆ?” ಹೇಳಿ ನಗೆ ಮಾಡ್ತು.